ಗಡುವಿನ ಗಡಿಯಾರ ಮತ್ತು ಸರ್ಕಾರಿ ಕಡತ: ಖಾಸಗಿ ನಿರ್ವಹಣಾ ವಿಧಾನಗಳ ಮಿತಿ
(ಆಡಳಿತ ಸುಧಾರಣೆ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ಕಚೇರಿಗಳಲ್ಲಿ ಇವತ್ತು ಎರಡು ಮಾತು ಒಟ್ಟೊಟ್ಟಿಗೆ ಕೇಳಿಬರುತ್ತವೆ. ಒಂದು ಟಾರ್ಗೆಟ್, ಇನ್ನೊಂದು ಗುಣಮಟ್ಟ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಶೇಕಡಾವಾರು ಸಾಧನೆ ಕೇಳುತ್ತಾರೆ, ಅದೇ ಸಭೆಯ ಕೊನೆಗೆ ಸೇವೆಯ ಗುಣಮಟ್ಟ ಸುಧಾರಿಸಬೇಕು ಎನ್ನುತ್ತಾರೆ. ಎರಡೂ ಖಾಸಗಿ ಕಂಪನಿಗಳಿಂದ ಬಂದವು. ಆದರೆ ಅವು ಒಂದೇ ಮನೆಯಲ್ಲಿ ಹುಟ್ಟಿದವಲ್ಲ, ಪರಸ್ಪರ ಒಪ್ಪುವವೂ ಅಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ.

ಗುರಿ ಇಟ್ಟು ನಿರ್ವಹಿಸುವ ಕ್ರಮವನ್ನು 1954ರಲ್ಲಿ ಸ್ಪಷ್ಟವಾಗಿ ಮಂಡಿಸಿದವರು ಪೀಟರ್ ಡ್ರಕ್ಕರ್. ಮೇಲಿನವರೂ ಕೆಳಗಿನವರೂ ಕೂತು ಮಾತಾಡಿ ವರ್ಷದ ಗುರಿಗಳನ್ನು ಒಪ್ಪಿಕೊಳ್ಳಬೇಕು, ಆಮೇಲೆ ಕೆಲಸ ಮಾಡುವವನು ತನ್ನ ಪ್ರಗತಿಯನ್ನು ತಾನೇ ಅಳೆದುಕೊಳ್ಳಬೇಕು ಎಂಬುದು ಅವರ ಆಲೋಚನೆ. ಸ್ವನಿಯಂತ್ರಣ ಅದರ ಜೀವಾಳ. 1973ರಲ್ಲಿ ಅಮೆರಿಕದ ನಿಕ್ಸನ್ ಆಡಳಿತ ಇದನ್ನು ಒಕ್ಕೂಟ ಸರ್ಕಾರದ ಇಲಾಖೆಗಳಿಗೆ ತಂದಿತು. 1977ರಲ್ಲಿ ಕಾರ್ಟರ್ ಬಂದಾಗ ಒತ್ತು ಶೂನ್ಯಾಧಾರಿತ ಬಜೆಟ್ಟಿನ ಕಡೆಗೆ, ಅಂದರೆ ಪ್ರತಿ ಖರ್ಚನ್ನೂ ಸೊನ್ನೆಯಿಂದ ಸಮರ್ಥಿಸಿಕೊಳ್ಳಬೇಕಾದ ಬಜೆಟ್ಟಿನ ಕಡೆಗೆ ಹೊರಳಿತ್ತು. ನಮ್ಮಲ್ಲಿ ಕೇಂದ್ರ ಸರ್ಕಾರ 2009ರಲ್ಲಿ ಪ್ರತಿ ಇಲಾಖೆಗೂ ಫಲಿತಾಂಶ ಚೌಕಟ್ಟಿನ ದಾಖಲೆಯನ್ನು ತಂದಿತು. ಗುರಿಗಳಿಗೆ ಒಟ್ಟು 100 ಅಂಕಗಳ ತೂಕ ಹಂಚಿ, ಪ್ರತಿ ಗುರಿಗೂ ಅತ್ಯುತ್ತಮದಿಂದ ಕಳಪೆಯವರೆಗೆ 100, 90, 80, 70, 60 ಎಂಬ ಐದು ಮೆಟ್ಟಿಲು ಇಟ್ಟು, ವರ್ಷದ ಕೊನೆಗೆ ಒಂದು ಒಟ್ಟು ಅಂಕ ತೆಗೆಯುತ್ತಿದ್ದರು. 2014ರ ನಂತರ ಅದನ್ನು ಕೈಬಿಡಲಾಯಿತು. ಅದರ ಲೆಕ್ಕಾಚಾರ ಅಚ್ಚುಕಟ್ಟಾಗಿತ್ತು. ತೊಂದರೆ ಇದ್ದದ್ದು ಐದು ಮೆಟ್ಟಿಲುಗಳ ಮೊದಲ ಕರಡನ್ನು ಇಲಾಖೆಯೇ ಬರೆಯುತ್ತಿದ್ದುದರಲ್ಲಿ. ಅಂಕ ಬೀಳುವುದು ತನಗೇ ಎಂದು ಗೊತ್ತಿರುವವನು ಅತ್ಯುತ್ತಮ ಎಂಬ ಮೆಟ್ಟಿಲನ್ನು ಕೈಗೆಟಕುವ ಎತ್ತರದಲ್ಲೇ ಇಡುತ್ತಾನೆ. ಅದನ್ನು ಪರಿಶೀಲಿಸುವ ಹೊರಗಿನವರಿಗೆ ಇಲಾಖೆಯ ಒಳಗುಟ್ಟು ಅಷ್ಟು ತಿಳಿದಿರುವುದಿಲ್ಲ.

ಗುಣಮಟ್ಟದ ಧಾರೆ ಬೇರೆ. ಎಂದಿನ ಏರಿಳಿತವನ್ನೂ ನಿಜವಾದ ಬದಲಾವಣೆಯನ್ನೂ ಬೇರೆ ಮಾಡಿ ತೋರಿಸಲು 1924ರಲ್ಲಿ ವಾಲ್ಟರ್ ಶೂವಾರ್ಟ್ ರೂಪಿಸಿದ ನಿಯಂತ್ರಣ ನಕ್ಷೆಯಿಂದ ಅದು ಹೊರಟು, 1950ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಜಪಾನಿನಲ್ಲಿ ಕೊಟ್ಟ ಉಪನ್ಯಾಸಗಳ ಮೂಲಕ ಬೆಳೆಯಿತು. ಡೆಮಿಂಗ್ ಅವರ 14 ಸೂತ್ರಗಳಲ್ಲಿ 11ನೆಯದು ನಮಗೆ ಇಲ್ಲಿ ಮುಖ್ಯ. ಸಂಖ್ಯೆಯ ಕೋಟಾಗಳನ್ನು ತೆಗೆಯಿರಿ, ಗುರಿ ಇಟ್ಟು ನಿರ್ವಹಿಸುವುದನ್ನು ಬಿಡಿ ಎಂದು ಅದು ನೇರವಾಗಿ ಹೇಳುತ್ತದೆ. ದೋಷಗಳಲ್ಲಿ ಸುಮಾರು ಶೇ. 94ರಷ್ಟು ವ್ಯವಸ್ಥೆಗೆ ಸೇರಿದವು, ಉಳಿದ ಅಲ್ಪಪಾಲು ಮಾತ್ರ ವಿಶೇಷ ಕಾರಣಗಳದ್ದು ಎಂಬುದು ಅವರ ಅಂದಾಜು. ವ್ಯವಸ್ಥೆಯ ದೋಷಕ್ಕೆ ಗುಮಾಸ್ತನ ಮೇಲೆ ಗುರಿ ಹೇರಿದರೆ ಅವನು ಕೆಲಸ ಸುಧಾರಿಸಲಾರ, ಅಂಕಿಯನ್ನು ಮಾತ್ರ ಸುಧಾರಿಸಬಲ್ಲ. ಹೀಗಿರುವಾಗ ಎರಡನ್ನೂ ಒಂದೇ ಸುತ್ತೋಲೆಯಲ್ಲಿ ಸೇರಿಸಿ ಕಳಿಸಿದರೆ ಕಚೇರಿ ಯಾವುದನ್ನು ಕೇಳಬೇಕು? ಸಾಮಾನ್ಯವಾಗಿ ಯಾವುದಕ್ಕೆ ನೋಟಿಸ್ ಬರುತ್ತದೋ ಅದನ್ನು ಕೇಳುತ್ತದೆ.

ಇದು ಹೇಗೆ ನಡೆಯುತ್ತದೆ ಎಂದು ನೋಡಲು ನಮ್ಮದೇ ಸಕಾಲವನ್ನು ತೆಗೆದುಕೊಳ್ಳೋಣ. ನಾಗರಿಕರಿಗೆ ಸೇವೆಗಳ ಖಾತರಿ ಕೊಡುವ ಕಾಯ್ದೆ 2011ರಲ್ಲಿ ಆಯಿತು, 2012ರ ಏಪ್ರಿಲ್‌ನಲ್ಲಿ ರಾಜ್ಯಾದ್ಯಂತ ಜಾರಿಗೆ ಬಂತು. ಮೊದಲಿಗೆ 11 ಇಲಾಖೆಗಳ 151 ಸೇವೆಗಳು ಅದರಡಿ ಇದ್ದವು. ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಸಕಾಲ ಸಂಖ್ಯೆ ಸಿಗುತ್ತದೆ. ಪ್ರತಿ ಸೇವೆಗೂ ಇಂತಿಷ್ಟು ದಿನ ಎಂಬ ಗಡುವು, ಗಡುವಿಗೆ ಹೊಣೆಯಾಗುವ ಒಬ್ಬ ಅಧಿಕಾರಿ, ಅವರ ಮೇಲೆ ಮೇಲ್ಮನವಿ ಕೇಳುವ ಅಧಿಕಾರಿಗಳು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ. ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಬೇಕು. ಕಾನೂನಿನ ಮಟ್ಟದಲ್ಲಿ ಇದು ದೊಡ್ಡ ಹೆಜ್ಜೆ. ಅರ್ಜಿ ಎಲ್ಲಿದೆ ಎಂದು ಕೇಳುವ ಹಕ್ಕು ಸಾಮಾನ್ಯನ ಕೈಗೆ ಬಂತು, ಬರೀ ಭರವಸೆಯಾಗಿದ್ದ ನಾಗರಿಕ ಸನ್ನದಿಗೆ ಕಾಯ್ದೆಯ ಬಲ ಬಂತು. ಅದನ್ನು ಗೌರವಿಸುತ್ತಲೇ ಗಡಿಯಾರದ ಒಳಗೆ ಏನಾಗುತ್ತದೆ ಎಂದು ನೋಡಬೇಕು.

ಪರಿಹಾರದ ಲೆಕ್ಕವನ್ನೇ ಮೊದಲು ನೋಡಿ. ದಿನಕ್ಕೆ 20 ರೂಪಾಯಿ ಅಂದರೆ 25 ದಿನ ತಡವಾದಾಗ 500 ತುಂಬುತ್ತದೆ. 26ನೆಯ ದಿನದಿಂದ ಆ ಕಡತದ ಮೇಲೆ ಹೊಸ ಹೊರೆ ಇಲ್ಲ. ಒಬ್ಬ ಅಧಿಕಾರಿಯ ಮುಂದೆ ಎರಡು ಕಡತ ಇವೆ ಎಂದುಕೊಳ್ಳಿ. ಒಂದು ಗಡುವು ಮೀರಿ 40 ದಿನವಾಗಿದೆ, ಇನ್ನೊಂದಕ್ಕೆ ನಾಳೆ ಗಡುವು. ಶೇಕಡಾವಾರು ಲೆಕ್ಕವೂ ಪರಿಹಾರದ ಲೆಕ್ಕವೂ ನಾಳೆಯದನ್ನೇ ಮೊದಲು ಮಾಡು ಎನ್ನುತ್ತವೆ, ಏಕೆಂದರೆ ಹಳೆಯದು ಅಂಕಿಯಲ್ಲಿ ಆಗಲೇ ಸೋತಿದೆ. ಹೀಗೆ ಅತಿ ಹೆಚ್ಚು ಕಾದವರೇ ಇನ್ನಷ್ಟು ಕಾಯುತ್ತಾರೆ. ಇದಕ್ಕೆ ಯಾರ ಕೆಟ್ಟ ಮನಸ್ಸೂ ಬೇಕಾಗಿಲ್ಲ, ಗಡುವು ಮೀರಿದೆಯೋ ಇಲ್ಲವೋ ಎಂದಷ್ಟೇ ಎಣಿಸುವ ಯಾವ ಪದ್ಧತಿಯಲ್ಲೂ ಇದು ಆಗುತ್ತದೆ. ಕಂಡುಹಿಡಿಯುವುದು ಸುಲಭ. ಶೇಕಡಾವಾರು ಸಾಧನೆಯ ಪಕ್ಕದಲ್ಲೇ, ಬಾಕಿ ಇರುವ ಅರ್ಜಿಗಳಲ್ಲಿ ಅತ್ಯಂತ ಹಳೆಯ ಹತ್ತರ ವಯಸ್ಸನ್ನು ಪ್ರತಿ ತಿಂಗಳು ಬರೆಯಿರಿ. ಮೊದಲನೆಯದು ಏರುತ್ತಾ ಎರಡನೆಯದೂ ಏರುತ್ತಿದ್ದರೆ ಸಾಲು ತಲೆಕೆಳಗಾಗಿದೆ.

ಈಗ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ಆದರೆ ಈ ಲೆಕ್ಕವನ್ನು ಯಾವ ಕಚೇರಿಯ ದತ್ತಾಂಶದ ಮೇಲೂ ಮಾಡಬಹುದು. ಪ್ರಮಾಣಪತ್ರದಂಥ ಒಂದು ಸೇವೆ, 21 ದಿನದ ಗಡುವು, ಒಂದು ತಿಂಗಳಲ್ಲಿ 300 ಅರ್ಜಿ. ವರದಿಯಲ್ಲಿ 285 ಅರ್ಜಿಗಳು ಗಡುವಿನೊಳಗೆ ವಿಲೇವಾರಿ ಆಗಿವೆ, ಸಾಧನೆ ಶೇ. 95. ಸಭೆ ಇಲ್ಲಿಗೆ ಮುಗಿಯುತ್ತದೆ. ನಾವು ಮುಗಿಸುವುದು ಬೇಡ, ಪ್ರತಿ ಅರ್ಜಿಗೆ ಎಷ್ಟು ದಿನ ಹಿಡಿಯಿತು ಎಂದು ಎಣಿಸೋಣ. ಮೊದಲ ಐದು ದಿನದಲ್ಲಿ 30, ಆರರಿಂದ ಹತ್ತರೊಳಗೆ 25, ಹನ್ನೊಂದರಿಂದ ಹದಿನೈದರೊಳಗೆ 35, ಹದಿನಾರರಿಂದ ಹತ್ತೊಂಬತ್ತರೊಳಗೆ 40. ಆಮೇಲೆ 20 ಮತ್ತು 21ನೆಯ ದಿನ, ಬರೀ ಎರಡು ದಿನದಲ್ಲಿ, 155. ಗಡುವು ಮೀರಿದ್ದು 15.

ಗಡುವಿನ ಅಂಚಿನ ಈ ಗುಡ್ಡೆ ಮೊದಲ ಸುಳಿವು. ಇದು ನಮ್ಮೊಬ್ಬರ ಕಥೆಯಲ್ಲ. ಇಂಗ್ಲೆಂಡಿನಲ್ಲಿ ಜೀವಾಪಾಯದ ಕರೆಗಳಲ್ಲಿ ಶೇ. 75ಕ್ಕೆ ಆಂಬುಲೆನ್ಸ್ 8 ನಿಮಿಷದೊಳಗೆ ತಲುಪಬೇಕು ಎಂಬ ಗುರಿ ಇಟ್ಟಾಗ, ಕೆಲವು ಸೇವೆಗಳ ದಾಖಲೆಯಲ್ಲಿ 8 ನಿಮಿಷಕ್ಕೆ ಸ್ವಲ್ಪ ಮುಂಚೆ ಇಂಥದೇ ಗುಡ್ಡೆ, ದಾಟಿದ ಕೂಡಲೇ ದಿಢೀರ್ ಕುಸಿತ ಕಂಡುಬಂದಿತ್ತು. ಸಹಜವಾಗಿ ನಡೆಯುವ ಕೆಲಸದ ನಕ್ಷೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ, ಗಡುವು ಎಲ್ಲಿದೆ ಎಂದು ಅದಕ್ಕೆ ತಿಳಿಯದು.

ಎರಡನೆಯ ಹೆಜ್ಜೆಯಲ್ಲಿ ತಿರಸ್ಕಾರಗಳನ್ನು ಬೇರೆ ಮಾಡಿ. ನಮ್ಮ ಉದಾಹರಣೆಯಲ್ಲಿ ಕೊನೆಯ ಎರಡು ದಿನದ 155ರಲ್ಲಿ 58 ತಿರಸ್ಕಾರ, ಅಂದರೆ ಶೇ. 37. ಉಳಿದ 145ರಲ್ಲಿ 12 ತಿರಸ್ಕಾರ, ಶೇ. 8. ಅರ್ಹತೆ ಇಲ್ಲದವರು ಗಡುವಿನ ಹಿಂದಿನ ದಿನವೇ ಗುಂಪಾಗಿ ಬರಲು ಕಾರಣವಿಲ್ಲ. ದಾಖಲೆ ಸಾಲದು ಎಂಬುದು ಮೊದಲ ದಿನವೇ ಗೊತ್ತಾಗುವ ವಿಷಯ. 20ನೆಯ ದಿನ ಅದನ್ನು ಬರೆದರೆ ಅರ್ಥ ಒಂದೇ, ಕಡತವನ್ನು ಆ ದಿನದವರೆಗೆ ಯಾರೂ ತೆರೆದಿರಲಿಲ್ಲ. ಒಟ್ಟು 70 ತಿರಸ್ಕಾರ. ಅವು ಎಲ್ಲವೂ ಗಡುವಿನೊಳಗೆ ಆದ ವಿಲೇವಾರಿ ಎಂದು ಲೆಕ್ಕಕ್ಕೆ ಬಂದಿವೆ. ಅವನ್ನು ಕಳೆದರೆ ಗಡುವಿನೊಳಗೆ ಸೇವೆ ಪಡೆದವರು 215, ಶೇ. 72. ಈ 72 ಕೂಡ ಕೊನೆಯ ಸತ್ಯವಲ್ಲ, ಕೆಲವು ತಿರಸ್ಕಾರಗಳು ನ್ಯಾಯವಾದವೇ ಇರುತ್ತವೆ. ಅದನ್ನು ತಿಳಿಯಲು ಕಾರಣದ ಕಲಮು ಓದಬೇಕು. "ದಾಖಲೆ ಸಮರ್ಪಕವಾಗಿಲ್ಲ" ಎಂಬ ಒಂದೇ ಸಾಲು ಮತ್ತೆ ಮತ್ತೆ ಬಂದಿದ್ದರೆ ಅದು ಕಾರಣವೇ ಅಲ್ಲ. ಯಾವ ದಾಖಲೆ, ಅದರಲ್ಲಿ ಏನು ಕೊರತೆ ಎಂದು ಇದ್ದರೆ ಮಾತ್ರ ಕಾರಣ.

ಮೂರನೆಯದು, ತಿರಸ್ಕಾರವಾದವರು ಮತ್ತೆ ಬಂದರೇ ಎಂದು ಹುಡುಕುವುದು. ಒಂದೇ ವ್ಯಕ್ತಿ, ಒಂದೇ ಸೇವೆ, ಎರಡು ತಿಂಗಳೊಳಗೆ ಹೊಸ ಅರ್ಜಿ. 70ರಲ್ಲಿ 41 ಮಂದಿ ಹೀಗೆ ಮರಳಿ ಬಂದಿದ್ದಾರೆ ಎಂದುಕೊಳ್ಳಿ. ಅವರಲ್ಲಿ ಒಬ್ಬರಿಗೆ ಮೊದಲ ಅರ್ಜಿಯಲ್ಲಿ 21 ದಿನ, ನಡುವೆ 12 ದಿನ, ಎರಡನೆಯ ಅರ್ಜಿಯಲ್ಲಿ 20 ದಿನ ಹೋಗಿದೆ. ಕಚೇರಿಯ ಲೆಕ್ಕದಲ್ಲಿ ಅವರು ಎರಡು ಯಶಸ್ಸು. ಅವರ ಲೆಕ್ಕದಲ್ಲಿ 53 ದಿನ. ಜೊತೆಗೆ ಈ 41 ಅರ್ಜಿಗಳು ಮುಂದಿನ ತಿಂಗಳ ಒಟ್ಟು ಅರ್ಜಿಗಳ ಸಂಖ್ಯೆಯನ್ನೂ ಹಿಗ್ಗಿಸುತ್ತವೆ. ಸೇವೆ ಹೆಚ್ಚಾಗಿದೆ ಎಂದು ವರದಿ ಹೇಳುತ್ತದೆ, ಹೆಚ್ಚಾಗಿರುವುದು ಮರುಕೆಲಸ.

ನಾಲ್ಕನೆಯದನ್ನು ದತ್ತಾಂಶದಲ್ಲಿ ಕಾಣಲಾಗದು. ಗಡಿಯಾರ ಶುರುವಾಗುವುದು ಸಂಖ್ಯೆ ಕೊಟ್ಟಾಗ. ಕೌಂಟರಿನಲ್ಲಿ "ಇನ್ನೊಂದು ಜೆರಾಕ್ಸ್ ತನ್ನಿ, ಸೋಮವಾರ ಬನ್ನಿ" ಎಂದು ಬಾಯಿಮಾತಲ್ಲಿ ಹಿಂದೆ ಕಳಿಸಿದವರಿಗೆ ಸಂಖ್ಯೆಯೂ ಇಲ್ಲ, ದಿನವೂ ಓಡುವುದಿಲ್ಲ. ಇದಕ್ಕೆ ಒಂದೇ ದಾರಿ, ಹೊರಗೆ ನಿಂತು ಕೇಳುವುದು. ಕಚೇರಿಯಿಂದ ಹೊರಬರುವ ಮೂವತ್ತು ಮಂದಿಯನ್ನು ಇದು ಎಷ್ಟನೆಯ ಭೇಟಿ, ಸಂಖ್ಯೆ ಯಾವ ಭೇಟಿಯಲ್ಲಿ ಸಿಕ್ಕಿತು ಎಂದು ಕೇಳಿದರೆ ಸಾಕು. ಗಡುವನ್ನು ಬಿಗಿ ಮಾಡಿದಷ್ಟೂ ಕೆಲಸ ಗಡಿಯಾರದ ಮುಂಚಿನ ಜಾಗಕ್ಕೆ ಸರಿಯುತ್ತದೆ. ಆದ್ದರಿಂದ ಗಡುವು ಇಳಿಸುವ ಆದೇಶ ಬಂದ ತಿಂಗಳಲ್ಲೇ ಈ ಪ್ರಶ್ನೆ ಕೇಳುವುದು ಅಗತ್ಯ.

ಇದೆಲ್ಲ ಗುರಿಯ ಮಿತಿ. ಹಾಗಾದರೆ ಡೆಮಿಂಗ್ ದಾರಿ ಹಿಡಿದರೆ ಸರಿಹೋಗುತ್ತದೆಯೇ? ಅರ್ಧ ಸರಿಹೋಗುತ್ತದೆ. ಆ ಅರ್ಧವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದನ್ನು ನಾವು ಬಹುತೇಕ ಬಳಸಿಯೇ ಇಲ್ಲ.

ಶೂವಾರ್ಟ್ ನಕ್ಷೆಯ ಲೆಕ್ಕವನ್ನೇ ಮಾಡಿ ನೋಡೋಣ. ಒಂದು ಕಚೇರಿಯ ವಾರದ ತಿರಸ್ಕಾರಗಳು ಹತ್ತು ವಾರ ಹೀಗಿವೆ ಎಂದುಕೊಳ್ಳಿ: 9, 12, 8, 11, 10, 13, 9, 12, 10, 11. ಸರಾಸರಿ 10.5. ಒಂದು ವಾರಕ್ಕೂ ಮುಂದಿನ ವಾರಕ್ಕೂ ಇರುವ ಅಂತರಗಳು 3, 4, 3, 1, 3, 4, 3, 2, 1. ಅವುಗಳ ಸರಾಸರಿ ಸುಮಾರು 2.67. ಇದನ್ನು ಈ ಬಗೆಯ ನಕ್ಷೆಗೆ ಗೊತ್ತುಮಾಡಿರುವ ಸ್ಥಿರಾಂಕ 2.66ರಿಂದ ಗುಣಿಸಿದರೆ ಸುಮಾರು 7.1. ಮೊದಲಿನ ಸರಾಸರಿ 10.5ಕ್ಕೆ ಇದನ್ನು ಕೂಡಿಸಿ, ಕಳೆದರೆ ಮೇಲಿನ ಮಿತಿ 17.6, ಕೆಳಗಿನ ಮಿತಿ 3.4. ಮುಂದಿನ ವಾರ 15 ಬಂದರೆ ಅದು ಎಂದಿನ ಏರಿಳಿತ. ಯಾರನ್ನೂ ಕರೆದು ಕೇಳಬೇಕಾಗಿಲ್ಲ, ಕೇಳಿದರೆ ಸಿಗುವುದು ಕಟ್ಟಿದ ವಿವರಣೆ. 22 ಬಂದರೆ ಏನೋ ಬದಲಾಗಿದೆ. ಹೊಸ ಸುತ್ತೋಲೆ ಬಂತೇ, ಸಾಫ್ಟ್‌ವೇರ್‌ನಲ್ಲಿ ಕಡ್ಡಾಯ ಕಲಮು ಸೇರಿತೇ, ಸಿಬ್ಬಂದಿ ಬದಲಾದರೇ ಎಂದು ಆ ವಾರವೇ ನೋಡಬೇಕು. ಪೆನ್ನು ಕಾಗದದಲ್ಲಿ ಮಾಡುವ ಲೆಕ್ಕ ಇದು.

ನಮ್ಮ ಪರಿಶೀಲನಾ ಸಭೆಗಳು ಇದರ ತದ್ವಿರುದ್ಧ ಮಾಡುತ್ತವೆ. ತಾಲ್ಲೂಕುಗಳಿಗೆ ರ‍್ಯಾಂಕ್ ಕೊಟ್ಟು, ಸರಾಸರಿಗಿಂತ ಕೆಳಗಿರುವವರಿಗೆ ಕಾರಣ ಕೇಳಿ ನೋಟಿಸ್ ಕೊಡುತ್ತವೆ. ಸರಾಸರಿ ಎಷ್ಟೇ ಏರಲಿ, ಅದರ ಕೆಳಗೆ ಯಾರಾದರೂ ಇದ್ದೇ ಇರುತ್ತಾರೆ. ಈ ತಿಂಗಳು ನೋಟಿಸ್ ಪಡೆದವರಲ್ಲಿ ಹಲವರು ಮುಂದಿನ ತಿಂಗಳು ತಾವಾಗಿಯೇ ಮೇಲೆ ಬರುತ್ತಾರೆ, ಅದು ಏರಿಳಿತದ ಸ್ವಭಾವ. ನೋಟಿಸ್ ಕೆಲಸ ಮಾಡಿತು ಎಂದು ಮೇಲಿನವರು ತಿಳಿಯುತ್ತಾರೆ, ಅಭ್ಯಾಸ ಗಟ್ಟಿಯಾಗುತ್ತದೆ.

ಇನ್ನು ಉಳಿದ ಅರ್ಧ, ಗುಣಮಟ್ಟದ ಚಿಂತನೆ ಸರ್ಕಾರದಲ್ಲಿ ಎಡವುವ ಜಾಗ. ಅದಕ್ಕೆ ಜಮೀನಿನ ಹಕ್ಕು ಬದಲಾವಣೆಗಿಂತ ಒಳ್ಳೆಯ ನಿದರ್ಶನ ಇಲ್ಲ. ಒಬ್ಬ ರೈತರು ಒಂದು ಸರ್ವೆ ನಂಬರಿನ ನಾಲ್ಕು ಎಕರೆಯಲ್ಲಿ ಒಂದು ಎಕರೆ ಮಾರುತ್ತಾರೆ. ಭಾಗಶಃ ಮಾರಾಟವಾದ್ದರಿಂದ ನೋಂದಣಿಗೆ ಮುಂಚೆ ಮಾರುವ ಭಾಗವನ್ನು ಗುರುತಿಸುವ 11ಇ ನಕ್ಷೆ ಬೇಕು. ಭೂಮಾಪಕರು ಸ್ಥಳಕ್ಕೆ ಬಂದು ಅಳೆದು, ಸರ್ವೆ ಕಚೇರಿಯಲ್ಲಿ ಪರಿಶೀಲನೆಯಾಗಿ ನಕ್ಷೆ ಸಿಗುತ್ತದೆ. ಆಮೇಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ. ಅಲ್ಲಿಂದ ಮಾಹಿತಿ ಭೂಮಿ ತಂತ್ರಾಂಶಕ್ಕೆ ಬಂದು, ಆಸಕ್ತರಿಗೆ ನೋಟಿಸ್ ಹೋಗಿ, ಆಕ್ಷೇಪಣೆಯ ಅವಧಿ ಕಳೆದು, ಕಂದಾಯ ನಿರೀಕ್ಷಕರು ಹಕ್ಕು ಬದಲಾವಣೆಯನ್ನು ಪ್ರಮಾಣೀಕರಿಸಿದ ಮೇಲೆ ಪಹಣಿಯಲ್ಲಿ ಕೊಂಡವರ ಹೆಸರು ಕೂರುತ್ತದೆ. ಮೂರು ಕಚೇರಿ, ಪ್ರತಿಯೊಂದಕ್ಕೂ ತನ್ನದೇ ಗಡಿಯಾರ. ಮೂರೂ ತಮ್ಮ ಗಡುವಿನೊಳಗೆ ಇದ್ದರೂ ಕೊಂಡವರು ತಿಂಗಳುಗಟ್ಟಲೆ ಕಾಯುವುದು ಸಾಧ್ಯ, ಏಕೆಂದರೆ ಕಚೇರಿಗಳ ನಡುವಿನ ದಿನಗಳು ಯಾರ ಲೆಕ್ಕದಲ್ಲೂ ಇಲ್ಲ.

ಕಾರ್ಖಾನೆಯ ಗುಣಮಟ್ಟ ತಂಡ ಇಂಥ ಕಡೆ ಮೊದಲು ಕೆಲಸ ನಡೆದ ಸಮಯವನ್ನೂ ಕಾದ ಸಮಯವನ್ನೂ ಬೇರೆ ಮಾಡುತ್ತದೆ, ಕಾದದ್ದನ್ನು ವ್ಯರ್ಥ ಎಂದು ಕರೆದು ಕತ್ತರಿಸುತ್ತದೆ. ಅಳತೆಗೆ ಕಾದ ದಿನಗಳಿಗೆ ಇದು ಸರಿಯಾಗಿ ಹೊಂದುತ್ತದೆ. ಆದರೆ ಆಕ್ಷೇಪಣೆಯ ಅವಧಿಯೂ ಅದೇ ಪಟ್ಟಿಯಲ್ಲಿ, ಯಾರೂ ಏನೂ ಮಾಡದ ದಿನಗಳಾಗಿ ಕಾಣುತ್ತದೆ. ಅದು ವ್ಯರ್ಥವಲ್ಲ. ಮಾರಿದವರ ತಂಗಿ ಬೇರೆ ಊರಲ್ಲಿದ್ದಾರೆ, ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೂ ಪಾಲಿದೆ. ನೋಟಿಸಿನ ಅವಧಿ ಇರುವುದು ಅವರಿಗಾಗಿ. ಕೊಂಡವರು, ಮಾರಿದವರು, ಪಾಲಿನ ಹಕ್ಕಿರುವ ತಂಗಿ, ಸಾಲ ಕೊಟ್ಟ ಸಹಕಾರ ಸಂಘ, ಇವರಲ್ಲಿ ಗ್ರಾಹಕ ಯಾರು? ಒಬ್ಬರ ತೃಪ್ತಿ ಇನ್ನೊಬ್ಬರ ನಷ್ಟ ಆಗುವ ಕಡೆ ಗ್ರಾಹಕ ತೃಪ್ತಿಯ ಸಮೀಕ್ಷೆಗೆ ಅರ್ಥವಿಲ್ಲ. ಸಮೀಕ್ಷೆಯ ಹಾಳೆ ಕೌಂಟರಿಗೆ ಬಂದವರ ಕೈಗೆ ಹೋಗುತ್ತದೆ, ತಂಗಿ ಕೌಂಟರಿಗೆ ಬಂದಿರುವುದೇ ಇಲ್ಲ. ಅವಧಿ ಎಷ್ಟು ದಿನ ಇರಬೇಕು ಎಂಬುದನ್ನು ಶಾಸನ ತೀರ್ಮಾನಿಸಬೇಕು, ಎಲ್ಲರ ಹಕ್ಕನ್ನೂ ತೂಗಿ. ಕಚೇರಿಯ ವೇಗದ ಗುರಿ ಅದನ್ನು ತೀರ್ಮಾನಿಸಬಾರದು. ವೇಗದ ಒತ್ತಡ ಇಲ್ಲಿ ತೋರುವ ಬಗೆ ಹೀಗಿರುತ್ತದೆ: ನೋಟಿಸ್ ಜಾರಿಯಾಗಿದೆ ಎಂದು ದಾಖಲೆ ಹೇಳುತ್ತದೆ, ಸ್ವೀಕೃತಿಯ ಸಹಿ ಇರುವುದಿಲ್ಲ. ಆಕ್ಷೇಪಣೆಗಳ ಸಂಖ್ಯೆ ಇಳಿಯುತ್ತದೆ, ಒಂದೆರಡು ವರ್ಷದ ಮೇಲೆ ಉಪವಿಭಾಗಾಧಿಕಾರಿ ಮುಂದಿನ ಮೇಲ್ಮನವಿಗಳು ಏರುತ್ತವೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಸಭೆ ಬೇಕು.

ಎರಡನೆಯ ಮಿತಿ, ವ್ಯವಸ್ಥೆಯನ್ನು ಬದಲಿಸುವ ಅಧಿಕಾರ. ಶೇ. 94 ದೋಷ ವ್ಯವಸ್ಥೆಯದ್ದು ಎಂದು ಒಪ್ಪಿದರೂ, ಕಾರ್ಖಾನೆಯಲ್ಲಿ ಆ ವ್ಯವಸ್ಥೆ ವ್ಯವಸ್ಥಾಪಕರ ಕೈಯಲ್ಲಿರುತ್ತದೆ. ತಹಸೀಲ್ದಾರರ ಕೈಯಲ್ಲಿ ಏನಿದೆ? ನಮೂನೆಯನ್ನು ನಿಯಮಾವಳಿ ಗೊತ್ತುಮಾಡಿದೆ, ಒಂದು ಕಲಮು ತೆಗೆಯಲು ಅಧಿಸೂಚನೆ ಬೇಕು. ತಂತ್ರಾಂಶ ಬೆಂಗಳೂರಿನಲ್ಲಿದೆ. ಭೂಮಾಪಕರು ಬೇರೆ ಇಲಾಖೆಯ ಅಧೀನ. ಖಾಲಿ ಹುದ್ದೆ ತುಂಬಲು ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಉಳಿಸಿದ ಹಣವನ್ನು ಇನ್ನೊಂದು ಲೆಕ್ಕಶೀರ್ಷಿಕೆಗೆ ತಿರುಗಿಸುವಂತಿಲ್ಲ. ಸುಧಾರಣೆ ಫಲ ಕೊಡುವ ಹೊತ್ತಿಗೆ ಅವರ ವರ್ಗಾವಣೆಯೂ ಆಗಿರಬಹುದು. ಈ ಕಟ್ಟುಗಳಲ್ಲಿ ಹಲವು ಸಕಾರಣವಾಗಿಯೇ ಇವೆ. ಸಾರ್ವಜನಿಕ ಹಣ ಮತ್ತು ಹಕ್ಕುಗಳನ್ನು ಒಬ್ಬ ಅಧಿಕಾರಿಯ ಜಾಣ್ಮೆಗೆ ಬಿಡಬಾರದು ಎಂದೇ ಕಟ್ಟಿದವು. ಹಾಗಾಗಿ ತಾಲ್ಲೂಕು ಕಚೇರಿಯಲ್ಲಿ ಗುಣಮಟ್ಟ ವೃತ್ತ, ಅಂದರೆ ಸಿಬ್ಬಂದಿಯೇ ಕೂತು ತಮ್ಮ ಕೆಲಸವನ್ನು ಸುಧಾರಿಸುವ ಗುಂಪು, ರಚಿಸಿದರೆ ಅದು ಬೇಗ ತನ್ನ ಅಳವಿನ ಕೊನೆ ಮುಟ್ಟುತ್ತದೆ: ಕೌಂಟರಿನ ಸಾಲು, ಫಲಕ, ಕಡತದ ಜೋಡಣೆ. ಆಮೇಲೆ ಪ್ರತಿ ಸಲಹೆಯೂ ಮೇಲಿನವರ ಗಮನಕ್ಕೆ ತರಲಾಗಿದೆ ಎಂದು ಮುಗಿಯುತ್ತದೆ.

ಎರವಲು ತಂದದ್ದು ಚೆನ್ನಾಗಿ ನಡೆದ ನಿದರ್ಶನವೂ ಇದೇ ಕ್ಷೇತ್ರದಲ್ಲಿದೆ. ಮೊದಲು ಬಂದ ಅರ್ಜಿ ಮೊದಲು ಎಂಬ ಕ್ರಮವನ್ನು ಭೂಮಿ ತಂತ್ರಾಂಶ ಹಕ್ಕು ಬದಲಾವಣೆಯಲ್ಲಿ ಕಡ್ಡಾಯ ಮಾಡಿತು. ತಮಗೆ ಬೇಕಾದ ಕಡತವನ್ನು ಮುಂದೆ ಎಳೆಯುವ ಅಧಿಕಾರವನ್ನು ಕಾನೂನು ಯಾರಿಗೂ ಕೊಟ್ಟಿರಲಿಲ್ಲ, ಅದು ರೂಢಿಯಲ್ಲಿ ಬಂದದ್ದು. ಆದ್ದರಿಂದ ಅದನ್ನು ಯಂತ್ರದಿಂದ ಕಸಿದರೆ ಯಾರ ಹಕ್ಕೂ ಹೋಗಲಿಲ್ಲ. ಎಲ್ಲಿ ತರಬಹುದು, ಎಲ್ಲಿ ಬಾರದು ಎಂಬುದಕ್ಕೆ ಇದು ಒಳ್ಳೆಯ ಒರೆಗಲ್ಲು. ಆಯ್ಕೆಗೆ ಕಾನೂನಿನಲ್ಲಿ ಜಾಗವೇ ಇಲ್ಲದ ಕೆಲಸದಲ್ಲಿ ಕಾರ್ಖಾನೆಯ ವಿಧಾನ ಹೊಂದುತ್ತದೆ. ಎರಡು ಹಕ್ಕುಗಳನ್ನು ತೂಗಿ ತೀರ್ಮಾನಿಸುವ ಕೆಲಸದಲ್ಲಿ, ತಕರಾರು ಪ್ರಕರಣಗಳಲ್ಲಿ, ದಿನಗಳ ಗುರಿ ತೀರ್ಪನ್ನೇ ತಿರುಚುತ್ತದೆ.

ಇವನ್ನೆಲ್ಲ ಇಟ್ಟುಕೊಂಡು ಒಂದು ತಾಲ್ಲೂಕಿನಲ್ಲಿ ಏನು ಮಾಡಬಹುದು? ಮೊದಲಿಗೆ ಮಾಸಿಕ ವರದಿಯಲ್ಲಿ ವಿಲೇವಾರಿ ಎಂಬ ಒಂದೇ ಕಲಮನ್ನು ಒಡೆದು ಮಂಜೂರು, ತಿರಸ್ಕಾರ, ಮರು ಅರ್ಜಿ ಎಂದು ಮೂರು ಮಾಡಿ. ಪ್ರತಿ ತಿಂಗಳು 20 ತಿರಸ್ಕೃತ ಕಡತಗಳನ್ನು ಚೀಟಿ ಎತ್ತಿ ಪಕ್ಕದ ತಾಲ್ಲೂಕಿನ ಶಿರಸ್ತೇದಾರರಿಂದ ಓದಿಸಿ, ಕಾರಣ ನಿಲ್ಲುತ್ತದೆಯೇ ಎಂದು ಬರೆಸಿ. ಈ ಓದಿನ ಫಲ ಶಿಸ್ತುಕ್ರಮದ ಕಡತಕ್ಕೆ ಹೋಗಬಾರದು. ಹೋದರೆ ಎರಡನೆಯ ತಿಂಗಳಿಂದಲೇ ಕಾರಣಗಳು ಉದ್ದವಾಗುತ್ತವೆ, ತಿರಸ್ಕಾರ ಹಾಗೆಯೇ ಉಳಿಯುತ್ತದೆ. ಲಂಚ, ಸುಳ್ಳು ದಾಖಲೆಗಳ ತನಿಖೆಗೆ ಬೇರೆ ದಾರಿ ಇದೆ, ಅದು ಇದರೊಂದಿಗೆ ಬೆರೆಯಬಾರದು.

ಕೊನೆಗೆ ಗಡಿಯಾರವನ್ನು ನಾಗರಿಕರ ಕಡೆಯಿಂದ ಕಟ್ಟುವುದು. ಭಾಗಶಃ ಮಾರಾಟದ ವಿಷಯದಲ್ಲಿ ಅದು 11ಇ ಅರ್ಜಿಯ ದಿನ ಶುರುವಾಗಿ ಪಹಣಿಯಲ್ಲಿ ಹೆಸರು ಬಂದ ದಿನ ನಿಲ್ಲಬೇಕು. ಆಕ್ಷೇಪಣೆಯ ಅವಧಿಯನ್ನು ಬೇರೆ ಬಣ್ಣದಲ್ಲಿ ತೋರಿಸಬೇಕು, ಅದನ್ನು ಯಾರೂ ಕತ್ತರಿಸುವಂತಿಲ್ಲ. ಉಳಿದ ದಿನಗಳಿಗೆ ಮೂರು ಕಚೇರಿಗಳೂ ಜಂಟಿಯಾಗಿ ಉತ್ತರಿಸಬೇಕು. ಈ ಗಡಿಯಾರವನ್ನು ತಹಸೀಲ್ದಾರರ ಹೆಸರಿನಲ್ಲಿ ಇಡುವುದು ತಪ್ಪು, ಸರ್ವೆಯ ಸಾಲು ಅವರ ಕೈಯಲ್ಲಿಲ್ಲ. ಕಂದಾಯ, ಸರ್ವೆ, ನೋಂದಣಿ ಮೂರನ್ನೂ ಒಟ್ಟಿಗೆ ಕೂರಿಸಿ ಕೇಳಬಲ್ಲ ಮೊದಲ ಹುದ್ದೆ ಜಿಲ್ಲಾಧಿಕಾರಿಯದು. ಭೂಮಾಪಕರು ಸಾಲದೆ ಬಂದರೆ ಅದನ್ನು ಸರ್ಕಾರದ ಮುಂದಿಡಬೇಕಾದ ಸಹಿಯೂ ಅಲ್ಲಿಯದೇ.